ರೌಂಡಿನ ಅಡಿಯಲ್ಲಿ ಏನು ಅಚ್ಚಾಗಿದೆ?

ಎಸ್ಸೆಸ್ಸೆಲ್ಸಿ ಗಣಿತ ಪತ್ರಿಕೆಯಲ್ಲಿ ಮೊದಲು ಬರುವುದು ತಲಾ ಒಂದು ಅಂಕದ ಎಂಟು ಬಹುಆಯ್ಕೆ ಪ್ರಶ್ನೆಗಳು. ಅವುಗಳ ಮೇಲಿರುವ ಸೂಚನೆಯನ್ನು ಮಕ್ಕಳು ಸಾಮಾನ್ಯವಾಗಿ ಓದದೆ ದಾಟಿಬಿಡುತ್ತಾರೆ. ಸರಿಯಾದ ಉತ್ತರವನ್ನು ಆರಿಸಿ ಅದರ ಕ್ರಮಾಕ್ಷರದೊಂದಿಗೆ ಪೂರ್ಣ ಉತ್ತರವನ್ನೂ ಬರೆಯಬೇಕು ಎನ್ನುವುದು ಆ ಸೂಚನೆ. ಬರೀ ‘ಸಿ’ ಎಂದು ಬರೆದರೆ ಸಾಲದು, ಬರೀ ಉತ್ತರ ಬರೆದರೂ ಸಾಲದು. ಎರಡೂ ಇದ್ದರೆ ಒಂದು ಅಸ್ಪಷ್ಟವಾದಾಗ ಇನ್ನೊಂದು ಸಾಕ್ಷಿ ಹೇಳುತ್ತದೆ. ಬೋರ್ಡಿನ ಪರೀಕ್ಷೆಯಲ್ಲಿ ಉತ್ತರ ಬರೆಯುವ ಹಾಳೆ ಬೇರೆಯೇ ಇರುವುದರಿಂದ ಅಚ್ಚಾದ ಆಯ್ಕೆಗಳ ಮೇಲೆ ಮಗುವಿನ ಪೆನ್ನು ಓಡಾಡಿದರೂ ತೊಂದರೆಯಿಲ್ಲ.

ತೊಂದರೆ ಬರುವುದು ವರ್ಷದ ಉಳಿದ ದಿನಗಳಲ್ಲಿ. ಕಿರುಪರೀಕ್ಷೆಯ ಜೆರಾಕ್ಸ್ ಹಾಳೆ, ಅಭ್ಯಾಸ ಪುಸ್ತಕ, ಅಣ್ಣನಿಂದ ತಮ್ಮನಿಗೆ ಬಂದ ನವೋದಯ ಗೈಡು, 2022-23ರಲ್ಲಿ ‘ಕಲಿಕಾ ಚೇತರಿಕೆ’ ಹೆಸರಿನಲ್ಲಿ ಶಾಲೆಗಳಿಗೆ ಬಂದ ಕಲಿಕಾ ಹಾಳೆಗಳು, ಇವುಗಳಲ್ಲೆಲ್ಲ ಮಗು ಪ್ರಶ್ನೆಯ ಮೇಲೇ ರೌಂಡ್ ಹಾಕುತ್ತದೆ, ರೈಟ್ ಹಾಕುತ್ತದೆ, ಬೇಡವಾದ ಆಯ್ಕೆಗೆ ಇಂಟು ಹಾಕುತ್ತದೆ. ಅಚ್ಚು ಮತ್ತು ಗುರುತು ಒಂದರ ಮೇಲೊಂದು ಕೂರುತ್ತವೆ. ತಿದ್ದುವವರಿಗೆ ಆಗ ಎರಡು ಪ್ರಶ್ನೆ ಏಳುತ್ತವೆ: ಇಲ್ಲಿ ಅಚ್ಚಾಗಿದ್ದದ್ದು ಏನು? ಮಗು ಆರಿಸಿದ್ದು ಯಾವುದನ್ನು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಗೇ ಸೇರಿದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಮಧುಗಿರಿಗೆ ತನ್ನದೇ ಸಾಲಿದೆ. ಆ ಸಾಲು ಮೇಲೇರಬೇಕೆಂದು ವರ್ಷವಿಡೀ ಇಂಥ ಅಭ್ಯಾಸದ ಹಾಳೆಗಳನ್ನು ತಿದ್ದುವ ಮೇಷ್ಟ್ರು, ಮೇಡಂಗಳಿಗೆ, ಸಂಜೆ ಮನೆಪಾಠ ಹೇಳುವವರಿಗೆ, ತಮ್ಮ ತಂಗಿಯರ ಹಾಳೆ ನೋಡುವ ಪಿಯುಸಿ ಹುಡುಗ ಹುಡುಗಿಯರಿಗೆ ಈ ಲೇಖನ. ನಾನು ಹೇಳಬೇಕಾದದ್ದು ಮುಖ್ಯವಾಗಿ ಒಂದೇ. ಅಚ್ಚನ್ನು ಓದುವುದು ಒಂದು ಕೆಲಸ, ಗುರುತನ್ನು ಓದುವುದು ಇನ್ನೊಂದು. ಮೊದಲನೆಯದಕ್ಕೆ ನಿಮ್ಮ ವಿಷಯಜ್ಞಾನವನ್ನು ಧಾರಾಳವಾಗಿ ಬಳಸಿ. ಎರಡನೆಯದಕ್ಕೆ ಅದನ್ನು ಹತ್ತಿರಕ್ಕೂ ಬಿಟ್ಟುಕೊಳ್ಳಬೇಡಿ. ಸರಿಯುತ್ತರ ಗೊತ್ತಿರುವ ಕಣ್ಣಿಗೆ ಅಸ್ಪಷ್ಟವಾದ ಗುರುತೆಲ್ಲ ಸರಿಯುತ್ತರದ ಕಡೆಗೇ ವಾಲಿದಂತೆ ಕಾಣುತ್ತದೆ.

ಮೊದಲು ಅಚ್ಚು

ಮುಚ್ಚಿಹೋದ ಆಯ್ಕೆಯೊಂದನ್ನೇ ದಿಟ್ಟಿಸಿ ನೋಡುವುದರಿಂದ ಪ್ರಯೋಜನ ಕಡಿಮೆ. ನಾಲ್ಕು ಆಯ್ಕೆಗಳನ್ನೂ ಒಟ್ಟಿಗೆ ಓದಿ, ಅವು ಎಲ್ಲಿ ಬೇರೆಯಾಗುತ್ತವೆ ಎಂದು ನೋಡಿ. ಕನ್ನಡ ವ್ಯಾಕರಣದ ಪ್ರಶ್ನೆಯೊಂದರಲ್ಲಿ ‘ಲೋಪ ಸಂಧಿ, ಆಗಮ ಸಂಧಿ, ಆದೇಶ ಸಂಧಿ, ಗುಣ ಸಂಧಿ’ ಎಂಬ ಆಯ್ಕೆಗಳಿವೆ ಎಂದುಕೊಳ್ಳಿ. ‘ಸಂಧಿ’ ಎಂಬ ಪದ ಪೂರ್ತಿ ರೌಂಡಿನಡಿ ಮುಳುಗಿದರೂ ಏನೂ ನಷ್ಟವಿಲ್ಲ, ಅದು ನಾಲ್ಕಕ್ಕೂ ಒಂದೇ. ಅದೇ ವಿಭಕ್ತಿಯ ಪ್ರಶ್ನೆಯಲ್ಲಿ ‘ಮರವನ್ನು, ಮರದಿಂದ, ಮರಕ್ಕೆ, ಮರದಲ್ಲಿ’ ಎಂದಿದ್ದರೆ ಮಾತು ತಿರುವುಮುರುವಾಗುತ್ತದೆ. ಮೊದಲಿನ ಎರಡಕ್ಷರ ಕಂಡೂ ಉಪಯೋಗವಿಲ್ಲ, ಕೊನೆಯ ಭಾಗ ಕಾಣಲೇಬೇಕು. ವ್ಯತ್ಯಾಸ ಇರುವ ಜಾಗ ಯಾವುದೆಂದು ತಿಳಿದರೆ ಓದಬೇಕಾದದ್ದು ಬೆರಳತುದಿಯಷ್ಟಕ್ಕೆ ಇಳಿಯುತ್ತದೆ.

ಎರಡನೆಯ ಆಸರೆ, ಒಂದೇ ಪ್ರಶ್ನೆಯಲ್ಲಿ ಎರಡು ಆಯ್ಕೆಗಳು ಒಂದೇ ಆಗಿರುವುದಿಲ್ಲ ಎಂಬುದು. ಮುಚ್ಚಿದ ಆಯ್ಕೆ ನಿಮಗೆ ‘2, 3’ ಎಂದು ಕಂಡು, ಅದೇ ಪ್ರಶ್ನೆಯಲ್ಲಿ ಇನ್ನೊಂದು ‘2, 3’ ಸ್ವಚ್ಛವಾಗಿ ಕಾಣುತ್ತಿದ್ದರೆ ನಿಮ್ಮ ಓದು ತಪ್ಪಾಗಿದೆ, ಏನೋ ಒಂದು ಚಿಹ್ನೆ ಗೆರೆಯಡಿ ಅಡಗಿದೆ ಎಂದರ್ಥ. ಅಚ್ಚಿನ ದೋಷದಿಂದ ಆಯ್ಕೆ ಎರಡು ಸಲ ಬಂದಿರುವುದೂ ಉಂಟು. ಅಂಥದ್ದನ್ನು ಗುರುತು ಹಾಕದ ಇನ್ನೊಂದು ಪ್ರತಿ ನೋಡಿಯೇ ತೀರ್ಮಾನಿಸಬೇಕು. ತರಗತಿಯಲ್ಲಿ ಮೂವತ್ತು ಮಕ್ಕಳು ಅದೇ ಹಾಳೆ ಬರೆದಿರುವಾಗ ಪಕ್ಕದ ಮಗುವಿನ ಹಾಳೆಯಲ್ಲಿ ಆ ಜಾಗ ಖಾಲಿ ಇದ್ದೇ ಇರುತ್ತದೆ. ಇಷ್ಟು ಸುಲಭದ ದಾರಿಯನ್ನು ಬಿಟ್ಟು ಕಣ್ಣು ಕಿರಿದು ಮಾಡಿ ಕೂರುವವರು ಬಹಳ.

ಕನ್ನಡ ಅಕ್ಷರದ ಯಾವ ಭಾಗ ಮುಚ್ಚಿದರೆ ಏನು ಕಳೆಯುತ್ತದೆ ಎಂಬುದು ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ. ರೌಂಡಿನ ಮೇಲಿನ ಕಮಾನು ತಲೆಕಟ್ಟು ಮತ್ತು ಗುಡಿಸಿನ ಮೇಲೆ ಹಾಯುತ್ತದೆ. ಕೆಳಗಿನ ಕಮಾನು ಒತ್ತಕ್ಷರದ ಮೇಲೆ ಹಾಯುತ್ತದೆ. ಕ್ರಮಾಕ್ಷರಗಳಾದ ಬಿ, ಸಿ, ಡಿ ಮೂರಕ್ಕೂ ತಲೆಯ ಮೇಲೆ ಒಂದೇ ಗುಡಿಸು ಇರುವುದರಿಂದ ಮೇಲ್ಭಾಗ ಹೋದರೂ ಚಿಂತೆಯಿಲ್ಲ, ಕೆಳಗಿನ ಒಡಲು ಕಂಡರೆ ಸಾಕು. ಅ, ಆ, ಇ, ಈ ಎಂದು ಕ್ರಮಾಕ್ಷರ ಕೊಟ್ಟಿರುವ ಹಾಳೆಯಲ್ಲಿ ಹಾಗಲ್ಲ. ‘ಅ’ ಮತ್ತು ‘ಆ’ ಬೇರೆಯಾಗುವುದು ಬಲತುದಿಯ ಸುರುಳಿಯಲ್ಲಿ. ಮಗು ಹಾಕಿದ ರೌಂಡಿನ ಬಲಗೆರೆ ಅದೇ ಸುರುಳಿಯ ಮೇಲೆ ಬಿದ್ದರೆ ಅಕ್ಷರವನ್ನು ನಂಬಬೇಡಿ, ಸಾಲಿನಲ್ಲಿ ಅದು ಮೊದಲನೆಯದೋ ಎರಡನೆಯದೋ ಎಂದು ಜಾಗ ನೋಡಿ ಹೇಳಿ.

ಅಲ್ಪಪ್ರಾಣ, ಮಹಾಪ್ರಾಣಗಳಲ್ಲಿ ಇನ್ನೂ ಎಚ್ಚರ ಬೇಕು. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ ಇವುಗಳ ವ್ಯತ್ಯಾಸ ಅಡಿಯಲ್ಲಿರುವ ಒಂದು ಸಣ್ಣ ಗೀಟು ಮಾತ್ರ. ರೈಟ್ ಗುರುತಿನ ಮೊನೆ ಬಂದು ಕೂರುವುದು ಅಲ್ಲೇ. ‘ದನ’ ಎಂಬುದರ ಅಡಿಗೆ ರೈಟಿನ ಮೊನೆ ತಾಗಿದರೆ ಅದು ‘ಧನ’ದಂತೆ ಕಾಣುತ್ತದೆ. ಹಾಗೆಯೇ ‘ಪ’ದ ಹೊಟ್ಟೆಯನ್ನು ಒಂದು ಓರೆಗೆರೆ ಸೀಳಿದರೆ ಅದು ‘ಷ’ ಆಗುತ್ತದೆ, ‘ರ’ದ ನಡುವೆ ಪೆನ್ನಿನ ಚುಕ್ಕೆ ಬಿದ್ದರೆ ‘ಠ’ ಆಗುತ್ತದೆ. ಮುಚ್ಚಿಹೋಗುವುದಕ್ಕಿಂತ ಇದು ಹೆಚ್ಚು ಅಪಾಯ. ಮುಚ್ಚಿದ್ದರೆ ನಮಗೆ ಅನುಮಾನವಾದರೂ ಬರುತ್ತದೆ. ಗೆರೆಯೊಂದು ಅಚ್ಚಿಗೆ ಸೇರಿಕೊಂಡು ಹೊಸ ಅಕ್ಷರವೇ ಹುಟ್ಟಿದಾಗ ಅನುಮಾನವೇ ಬರುವುದಿಲ್ಲ, ಓದಿಕೊಂಡು ಮುಂದೆ ಹೋಗಿಬಿಡುತ್ತೇವೆ. ಪಾವಗಡದ ಕಡೆ ತೆಲುಗನ್ನೂ ಓದಬಲ್ಲವರು ಇನ್ನೊಂದು ವಿಷಯ ಗಮನಿಸಿರಬಹುದು. ತೆಲುಗಿನ ತಲೆಕಟ್ಟು ಸ್ವತಃ ರೈಟ್ ಗುರುತಿನ ಆಕಾರದ್ದು, ಕನ್ನಡದ್ದು ಅಡ್ಡಗೆರೆಯಂಥದ್ದು. ಕನ್ನಡ ಅಕ್ಷರದ ನೆತ್ತಿಯ ಮೇಲೆ ಮಗು ಚಿಕ್ಕ ರೈಟ್ ಹಾಕಿದರೆ ಎರಡೂ ಲಿಪಿ ಬಲ್ಲ ಕಣ್ಣು ಅದನ್ನು ಅಕ್ಷರದ ಭಾಗವೆಂದೇ ನುಂಗಿಕೊಳ್ಳಬಹುದು.

ಗಣಿತದಲ್ಲಿ ಕಳೆಯುವ ಚಿಹ್ನೆ, ದಶಮಾಂಶ ಬಿಂದು, ಘಾತಸೂಚಿ, ವರ್ಗಮೂಲದ ಗುರುತು ಇವು ನಾಲ್ಕೂ ಚಿಕ್ಕವು, ನಾಲ್ಕೂ ಸಂಖ್ಯೆಯ ಅಂಚಿನಲ್ಲಿರುವಂಥವು. ರೌಂಡು ಹಾಯುವುದೂ ಅಂಚಿನಲ್ಲೇ. ಅದಕ್ಕೇ ಗಣಿತದ ಹಾಳೆಯಲ್ಲಿ ಸಂಖ್ಯೆ ಚೆನ್ನಾಗಿ ಕಾಣುತ್ತಿದೆ ಎಂದು ಸಮಾಧಾನಪಡಬಾರದು, ಅದರ ನಾಲ್ಕೂ ಅಂಚು ನೋಡಿದ ಮೇಲೆ ಓದಿದಂತೆ.

ಬೆಳಕು, ಬಣ್ಣ, ಫೋನು

ನೀಲಿ ಪೆನ್ನಿನ ಗೆರೆಯಡಿ ಕಪ್ಪು ಅಚ್ಚು ಉಳಿದೇ ಇರುತ್ತದೆ. ಹಾಳೆಯನ್ನು ಬಿಸಿಲಿರುವ ಕಿಟಕಿಯ ಬಳಿ ತಂದರೆ ನೀಲಿಯ ಕೆಳಗೆ ಗಾಢವಾದ ಕಪ್ಪು ಬೇರೆಯಾಗಿ ಕಾಣುತ್ತದೆ. ಟ್ಯೂಬ್‌ಲೈಟಿನ ಮಂಕಿನಲ್ಲಿ ಎರಡೂ ಒಂದೇ ಅನ್ನಿಸುತ್ತವೆ. ಕೆಂಪು ಗೆರೆಯಾದರೆ ಇನ್ನೂ ಸುಲಭ. ಉಡುಗೊರೆ ಸುತ್ತುವ ಕೆಂಪು ಪಾರದರ್ಶಕ ಹಾಳೆಯ ತುಂಡೊಂದನ್ನು ಮೇಲಿಟ್ಟು ನೋಡಿ. ಕಾಗದವೂ ಕೆಂಪಾಗಿ, ಗೆರೆಯೂ ಅದರಲ್ಲಿ ಕರಗಿ, ಕಪ್ಪು ಅಚ್ಚು ಮಾತ್ರ ಉಳಿಯುತ್ತದೆ. ನೀಲಿ ಹಾಳೆಯಿಂದ ನೀಲಿ ಗೆರೆ ಅಷ್ಟು ಪೂರ್ತಿ ಮಾಯವಾಗುವುದಿಲ್ಲ, ಬಾಲ್‌ಪೆನ್ನಿನ ಶಾಯಿ ಅದಕ್ಕಿಂತ ಗಾಢ. ಆದರೂ ತಕ್ಕಮಟ್ಟಿಗೆ ತೆಳುವಾಗುತ್ತದೆ. ಪೆನ್ಸಿಲ್ ಗೆರೆಗೆ ಹಾಳೆಯನ್ನು ಓರೆಯಾಗಿ ಹಿಡಿಯಬೇಕು. ಸೀಸದ ಕಡ್ಡಿಯ ಗೆರೆ ಬೂದು ಹೊಳಪಿನಲ್ಲಿ ಮಿನುಗುತ್ತದೆ, ಅಚ್ಚು ಹಾಗೆ ಮಿನುಗುವುದಿಲ್ಲ.

ಕಪ್ಪು ಬಾಲ್‌ಪೆನ್ನಿನಲ್ಲಿ ಹಾಕಿದ ಗುರುತಿಗೆ ಬಣ್ಣದ ಉಪಾಯ ಯಾವುದೂ ನಡೆಯುವುದಿಲ್ಲ. ಅಲ್ಲಿ ಬೆರಳು ಕೆಲಸಕ್ಕೆ ಬರುತ್ತದೆ. ಬಾಲ್‌ಪೆನ್ನು ಕಾಗದದಲ್ಲಿ ತಗ್ಗು ಮಾಡುತ್ತದೆ, ಅಚ್ಚು ಮಾಡುವುದಿಲ್ಲ. ಹಾಳೆ ತಿರುವಿ ಹಿಂಬದಿಯಲ್ಲಿ ಮೆಲ್ಲಗೆ ಸವರಿದರೆ ಪೆನ್ನಿನ ಗೆರೆ ಉಬ್ಬಾಗಿ ತಗಲುತ್ತದೆ. ಹಾಗೆ ತಗಲದ ಕಪ್ಪೆಲ್ಲ ಅಚ್ಚು. ರೌಂಡು ಮೊದಲು ಹಾಕಿದ್ದೋ ರೈಟು ಮೊದಲು ಹಾಕಿದ್ದೋ ಎಂದು ಗೆರೆ ದಾಟುವ ಜಾಗ ನೋಡಿ ಹೇಳುವೆ ಎನ್ನುವವರನ್ನು ಮಾತ್ರ ನಾನು ಒಪ್ಪುವುದಿಲ್ಲ. ಒಂದೇ ಪೆನ್ನಿನ ಎರಡು ಗೆರೆಗಳಲ್ಲಿ ಯಾವುದು ಮೇಲಿದೆ ಎನ್ನುವುದು ಬರಿಗಣ್ಣಿಗೆ ನಂಬಿಕೆಯಿಡುವಷ್ಟು ತಿಳಿಯುವುದಿಲ್ಲ.

ಈಗ ಎಷ್ಟೋ ಹಾಳೆಗಳು ವಾಟ್ಸಾಪಿನಲ್ಲಿ ಫೋಟೊ ಆಗಿ ಬರುತ್ತವೆ. ಅಲ್ಲಿ ಹಾಳಾಗುವುದು ಎರಡು ಕಡೆ. ಫೋಟೊ ಎಂದು ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ದಶಮಾಂಶ ಬಿಂದು, ಕಳೆಯುವ ಚಿಹ್ನೆ ಮೊದಲು ಹೋಗುತ್ತವೆ. ಅದರ ಬದಲು ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿ. ಇನ್ನೊಂದು, ಸ್ಕ್ಯಾನ್ ಮಾಡುವ ಆ್ಯಪುಗಳಲ್ಲಿರುವ ಕಪ್ಪು-ಬಿಳುಪು ಆಯ್ಕೆ. ಅದು ಹಾಳೆಯನ್ನು ಸ್ವಚ್ಛ ಮಾಡಿದಂತೆ ತೋರಿಸಿ, ನೀಲಿ ಗೆರೆಯನ್ನೂ ಕಪ್ಪು ಮಾಡಿಬಿಡುತ್ತದೆ. ಅಚ್ಚು ಯಾವುದು, ಪೆನ್ನು ಯಾವುದು ಎಂದು ಹೇಳಲು ಇದ್ದ ಒಂದೇ ಗುರುತು ಬಣ್ಣ. ಅದು ಹೋದ ಮೇಲೆ ಎಷ್ಟು ದೊಡ್ಡದು ಮಾಡಿ ನೋಡಿದರೂ ಅಷ್ಟೇ. ಬಣ್ಣದಲ್ಲೇ, ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಬೇಕು. ಗುರುತು ಹಾಕಿದ ಹಾಳೆಯನ್ನು ಜೆರಾಕ್ಸ್ ಮಾಡಿಸಿದರೂ ಇದೇ ಗತಿ. ಮೂಲ ಹಾಳೆ ಎಲ್ಲಿದೆ ಎಂದು ಕೇಳಿ ತರಿಸಿಕೊಳ್ಳುವುದೇ ಮೇಲು.

ಆಮೇಲೆ ಗುರುತು

ಅಚ್ಚು ಗೊತ್ತಾದ ಮೇಲೆ ಮಗು ಏನು ಹೇಳಿದೆ ಎಂದು ನೋಡುವುದು. ಇದಕ್ಕೆ ಮಗುವಿನ ರೂಢಿ ತಿಳಿಯಬೇಕು, ರೂಢಿ ಆ ಪುಟದಲ್ಲೇ ಇರುತ್ತದೆ. ಪುಟದ ಮೊದಲ ಪ್ರಶ್ನೆಯಿಂದ ಶುರುಮಾಡಬೇಡಿ. ಗುರುತು ಸ್ಪಷ್ಟವಾಗಿರುವ ಪ್ರಶ್ನೆಗಳನ್ನು ಮೊದಲು ಓದಿ. ಈ ಹುಡುಗಿ ರೈಟ್ ಹಾಕುವುದು ಕ್ರಮಾಕ್ಷರದ ಮೇಲೋ, ಅದರ ಹಿಂದೋ, ಉತ್ತರದ ಕೊನೆಯಲ್ಲೋ? ರೌಂಡ್ ಹಾಕಿದರೆ ಅಕ್ಷರಕ್ಕೆ ಮಾತ್ರವೋ, ಇಡೀ ಉತ್ತರಕ್ಕೋ? ತಪ್ಪಿದರೆ ಗೀಚಿ ಹೊಡೆದುಹಾಕುತ್ತಾಳೋ, ಹಾಗೇ ಬಿಟ್ಟು ಇನ್ನೊಂದಕ್ಕೆ ಹಾಕುತ್ತಾಳೋ? ನಾಲ್ಕೈದು ಸ್ಪಷ್ಟ ಗುರುತುಗಳಲ್ಲಿ ಇದು ತಿಳಿಯುತ್ತದೆ. ಆಮೇಲೆ ಅಸ್ಪಷ್ಟವಾದವಕ್ಕೆ ಬನ್ನಿ.

ರೈಟ್ ಗುರುತಿನಲ್ಲಿ ಮಾತನಾಡುವುದು ಮೊನೆ, ಬಾಲವಲ್ಲ. ಆಯ್ಕೆಗಳನ್ನು ಎರಡು ಸಾಲಿನಲ್ಲಿ, ಮೇಲೆ ಎ ಮತ್ತು ಬಿ, ಕೆಳಗೆ ಸಿ ಮತ್ತು ಡಿ ಎಂದು ಜೋಡಿಸಿದ ಹಾಳೆಯಲ್ಲಿ ‘ಸಿ’ಗೆ ಹಾಕಿದ ರೈಟಿನ ಉದ್ದನೆಯ ಬಾಲ ಮೇಲಕ್ಕೆ ಹಾರಿ ‘ಎ’ಯ ಉತ್ತರವನ್ನು ಅಡ್ಡ ಸೀಳುತ್ತದೆ. ನೋಡುವವರ ಕಣ್ಣು ದೊಡ್ಡ ಗೆರೆಯ ಹಿಂದೆ ಹೋಗಿ ‘ಎ’ ಎಂದು ಬರೆದುಕೊಳ್ಳುತ್ತದೆ. ಪೆನ್ನು ಒತ್ತಿ ತಿರುಗಿದ ತಗ್ಗು ಜಾಗ ಯಾವ ಆಯ್ಕೆಯ ಬಳಿ ಇದೆ ನೋಡಿ, ಉತ್ತರ ಅದೇ. ರೌಂಡಾದರೆ ಯಾವ ಅಕ್ಷರ ಪೂರ್ತಿ ಒಳಗಿದೆ ಎಂಬುದು ಮುಖ್ಯ. ಪಕ್ಕದ್ದರ ಅಂಚಿಗೆ ತಾಗಿದ್ದು ಲೆಕ್ಕಕ್ಕಿಲ್ಲ. ಕೆಲವು ಗೈಡುಗಳಲ್ಲಿ ಜೋಡಣೆ ಅಡ್ಡಕ್ಕಲ್ಲ, ಎ ಕೆಳಗೆ ಬಿ ಬಂದು ಸಿ ಪಕ್ಕದ ಕಂಬಕ್ಕೆ ಹೋಗಿರುತ್ತದೆ. ಜಾಗ ನೋಡಿ ಅಕ್ಷರ ಊಹಿಸುವ ಮುಂಚೆ ಅದೇ ಪುಟದಲ್ಲಿ ಗುರುತು ಬೀಳದ ಪ್ರಶ್ನೆಯೊಂದನ್ನು ನೋಡಿ ಜೋಡಣೆ ಖಚಿತ ಮಾಡಿಕೊಳ್ಳಿ.

ಇಂಟು ಗುರುತು ಎರಡು ಅರ್ಥ ಕೊಡುತ್ತದೆ. ಒಂದು ಪ್ರಶ್ನೆಯಲ್ಲಿ ಮೂರು ಇಂಟು ಇದ್ದು ಒಂದು ಖಾಲಿಯಿದ್ದರೆ ಮಗು ಬೇಡವಾದವನ್ನು ತೆಗೆದು ಉಳಿದದ್ದನ್ನು ಆರಿಸಿದೆ, ಉತ್ತರ ಆ ಖಾಲಿಯದೇ. ಒಂದಕ್ಕೆ ರೌಂಡು, ಇನ್ನೊಂದಕ್ಕೆ ಇಂಟು ಇದ್ದರೆ ಇಂಟು ರದ್ದು. ಪುಟದುದ್ದಕ್ಕೂ ಪ್ರತಿ ಪ್ರಶ್ನೆಗೂ ಒಂದೊಂದೇ ಇಂಟು ಇದ್ದರೆ ಮಾತ್ರ ಅದು ಆಯ್ಕೆಯ ಗುರುತು.

ಇನ್ನು ತಿದ್ದುವವರದೇ ಪೆನ್ನು. ಸರಿಯಿದ್ದರೆ ಆಯ್ಕೆಯ ಮೇಲೇ ಕೆಂಪು ರೈಟ್ ಎಳೆಯುವ ಅಭ್ಯಾಸ ನಮ್ಮಲ್ಲಿ ಬಹಳ. ಅಚ್ಚು, ಮಗುವಿನ ಗುರುತು, ಅದರ ಮೇಲೆ ನಮ್ಮ ಗುರುತು ಎಂದು ಮೂರು ಪದರ ಸೇರಿದ ಮೇಲೆ ಪೋಷಕರಾಗಲಿ, ಮರುಪರಿಶೀಲನೆ ಮಾಡುವ ಇನ್ನೊಬ್ಬ ಶಿಕ್ಷಕರಾಗಲಿ ಬಿಡಿಸಲಾರರು. ನಿಮ್ಮ ಗುರುತು ಎಡ ಅಂಚಿನಲ್ಲಿ, ಪ್ರಶ್ನೆಸಂಖ್ಯೆಯ ಪಕ್ಕದಲ್ಲಿರಲಿ.

ಒಂದು ಪುಟವನ್ನು ಓದಿ ನೋಡೋಣ

ಎಂಟು ಪ್ರಶ್ನೆಗಳ ಗಣಿತ ಹಾಳೆ, ನೀಲಿ ಬಾಲ್‌ಪೆನ್ನು, ಎರಡು ಸಾಲಿನ ಜೋಡಣೆ. 1, 2, 3, 5 ಮತ್ತು 8ನೇ ಪ್ರಶ್ನೆಗಳ ಗುರುತು ಸ್ಪಷ್ಟ. ಉದಾಹರಣೆಗೆ 1ನೆಯದು 3, 7, 11, ... ಸಮಾಂತರ ಶ್ರೇಢಿಯ ಸಾಮಾನ್ಯ ವ್ಯತ್ಯಾಸ ಕೇಳುತ್ತದೆ, ‘ಬಿ) 4’ಕ್ಕೆ ರೈಟ್ ಬಿದ್ದಿದೆ. ಈ ಐದೂ ಉತ್ತರ ಸರಿ. ಅದಕ್ಕಿಂತ ಮುಖ್ಯವಾಗಿ ಇವುಗಳಿಂದ ಮಗುವಿನ ರೂಢಿ ತಿಳಿಯಿತು: ರೈಟ್ ಹಾಕುವಾಗ ಮೊನೆ ಕ್ರಮಾಕ್ಷರಕ್ಕೂ ಉತ್ತರಕ್ಕೂ ನಡುವಿನ ಖಾಲಿ ಜಾಗದಲ್ಲಿರುತ್ತದೆ. ರೌಂಡ್ ಹಾಕುವಾಗ ಇಡೀ ಉತ್ತರವನ್ನು ಸುತ್ತುತ್ತದೆ, ಕ್ರಮಾಕ್ಷರವನ್ನಲ್ಲ.

4ನೇ ಪ್ರಶ್ನೆ x² − 5x + 6 = 0 ಸಮೀಕರಣದ ಮೂಲಗಳನ್ನು ಕೇಳುತ್ತದೆ. ಎ) 2, 3. ಬಿ) −2, −3. ಡಿ) 2, −3. ಇವು ಮೂರೂ ಸ್ವಚ್ಛ. ‘ಸಿ’ಗೆ ರೌಂಡ್ ಬಿದ್ದಿದೆ, ಒಳಗೆ ಕಾಣುವುದು ‘2, 3’. ಸಮೀಕರಣದ ಮೂಲಗಳೂ 2 ಮತ್ತು 3. ಅವಸರದಲ್ಲಿದ್ದವರು ಉತ್ತರದ ಸಂಖ್ಯೆಗಳನ್ನಷ್ಟೇ ನೋಡಿ ಸರಿ ಹಾಕುತ್ತಾರೆ. ಆದರೆ ‘2, 3’ ಎಂಬ ಆಯ್ಕೆ ‘ಎ’ಯಲ್ಲಿ ಆಗಲೇ ಇದೆ. ‘ಸಿ’ ಅದೇ ಆಗಿರಲಾರದು. ಈಗ ಸ್ಕೇಲೊಂದನ್ನು ತೆಗೆದುಕೊಂಡು ಅದರ ಅಂಚನ್ನು ‘ಎ’ಯ 2ರ ಎಡಬದಿಗೆ ನೆಟ್ಟಗೆ ಇಡಿ. ಕೆಳಗಿನ ಸಾಲಿನ ‘ಸಿ’ಯ 2 ಸ್ಕೇಲಿಗೆ ತಾಗಬೇಕಿತ್ತು. ತಾಗದೆ ಒಂದು ಚಿಹ್ನೆಯಷ್ಟು ಬಲಕ್ಕೆ ಸರಿದಿದೆ, ನಡುವೆ ರೌಂಡಿನ ಎಡಗೆರೆ ದಪ್ಪಗೆ ಹಾದಿದೆ. ಕಿಟಕಿಯ ಬೆಳಕಿಗೆ ಹಿಡಿದರೆ ಆ ನೀಲಿಯ ಎರಡೂ ಪಕ್ಕ ಕಪ್ಪು ಅಡ್ಡಗೆರೆಯ ತುದಿಗಳು ಇಣುಕುತ್ತವೆ. ಅಚ್ಚಾಗಿರುವುದು −2, 3. ಮಗು ಆರಿಸಿದ್ದು ‘ಸಿ’. ಉತ್ತರ ತಪ್ಪು, ಯಾವ ಬಗೆಯ ತಪ್ಪು ಎಂಬುದೂ ಈಗ ಗೊತ್ತು. ಅಪವರ್ತನ ಬಂದಿದೆ, ಚಿಹ್ನೆ ತಿರುಗಿಸುವುದು ಒಂದು ಕಡೆ ಕೈಕೊಟ್ಟಿದೆ.

6ನೇ ಪ್ರಶ್ನೆ tan 60° ಬೆಲೆ. ಎ) 3, ಬಿ) √3, ಸಿ) 1/√3, ಡಿ) 1. ಹಾಳೆಯಲ್ಲಿ ‘ಎ’ಯ ಮುಂದೆ √3 ಇದ್ದಂತೆ ಕಾಣುತ್ತದೆ, ‘ಬಿ’ಯ ಮುಂದೆಯೂ √3. ‘ಎ’ಯಲ್ಲಿರುವುದು ವರ್ಗಮೂಲದ ಚಿಹ್ನೆಯಲ್ಲ, 3ರ ಹಿಂದೆ ಮಗು ಹಾಕಿದ ರೈಟ್. ಎರಡೂ ಆಕಾರ ಒಂದೇ ಇರುವುದರಿಂದ ಗಣಿತದ ಹಾಳೆಯಲ್ಲಿ ಇದು ಮತ್ತೆ ಮತ್ತೆ ಎದುರಾಗುತ್ತದೆ. ಬೇರೆ ಮಾಡಲು ನೆತ್ತಿ ನೋಡಿ. ಅಚ್ಚಿನ ವರ್ಗಮೂಲದ ಚಿಹ್ನೆಗೆ 3ರ ತಲೆಯ ಮೇಲೆ ಚಾಚಿದ ಅಡ್ಡಗೆರೆ ಇರುತ್ತದೆ, ರೈಟಿನ ಬಾಲ ಓರೆಯಾಗಿ ಗಾಳಿಗೆ ಹೋಗುತ್ತದೆ. ಬಣ್ಣ ನೀಲಿ. ಮೊನೆ ಇರುವುದು ಕ್ರಮಾಕ್ಷರಕ್ಕೂ ಉತ್ತರಕ್ಕೂ ನಡುವೆ, ಸ್ಪಷ್ಟವಿದ್ದ ಐದು ಪ್ರಶ್ನೆಗಳಲ್ಲಿ ಕಂಡ ಅದೇ ರೂಢಿ. ಮಗುವಿನ ಉತ್ತರ 3. ಇಲ್ಲೂ ಅಚ್ಚು ಮತ್ತು ಗುರುತು ಬೆರೆತು ಸರಿಯುತ್ತರದ ವೇಷ ಹಾಕಿವೆ. ಹಾಳೆಯ ಕಪ್ಪು-ಬಿಳುಪು ಫೋಟೊ ನೋಡಿದ್ದರೆ ಅದು ವೇಷ ಎಂದು ತಿಳಿಯುವುದೇ ಕಷ್ಟವಾಗುತ್ತಿತ್ತು.

ಕ್ರಮಾಕ್ಷರ ಮಾತ್ರ ನೋಡಿ ಕೀ ಉತ್ತರದೊಂದಿಗೆ ತಾಳೆ ಹಾಕುವವರು ಈ ಎರಡು ಕಡೆಯೂ ತಪ್ಪುವುದಿಲ್ಲ, ನಿಜ. ಆದರೆ ಆಯ್ಕೆಗಳ ಕ್ರಮ ಬದಲಿಸಿ ಎರಡು ಸರಣಿಯ ಪತ್ರಿಕೆ ಕೊಟ್ಟಾಗ, ಅಥವಾ ಕೀ ಉತ್ತರ ಹಳೆಯ ಮುದ್ರಣದ್ದಾಗಿದ್ದಾಗ ಬರೀ ಅಕ್ಷರ ನಂಬಿದವರು ಪುಟವಿಡೀ ತಪ್ಪು ತಿದ್ದುತ್ತಾರೆ. ಅಕ್ಷರ ಮತ್ತು ಉತ್ತರ ಎರಡನ್ನೂ ಓದಿ ಬರೆದುಕೊಳ್ಳಿ: ‘4: ಸಿ, −2, 3’ ಎಂದು. ಬೋರ್ಡು ಮಗುವಿನಿಂದ ಕೇಳುವ ಶಿಸ್ತನ್ನೇ ತಿದ್ದುವವರೂ ಪಾಲಿಸಿದಂತಾಗುತ್ತದೆ.

7ನೇ ಪ್ರಶ್ನೆ ಖಚಿತ ಘಟನೆಯ ಸಂಭವನೀಯತೆ. ‘ಎ) 0’ಕ್ಕೆ ರೌಂಡು, ‘ಬಿ) 1’ಕ್ಕೆ ರೈಟು. ಯಾವುದನ್ನೂ ಹೊಡೆದುಹಾಕಿಲ್ಲ. ಪುಟದಲ್ಲಿ ಬೇರೆಲ್ಲೂ ಮಗು ಎರಡು ಗುರುತು ಹಾಕಿಲ್ಲ, ಹಾಗಾಗಿ ರೂಢಿಯಿಂದಲೂ ಏನೂ ತಿಳಿಯದು. ಉತ್ತರ 1 ಎಂದು ನಮಗೆ ಗೊತ್ತಿರುವುದರಿಂದ ರೈಟೇ ಆಮೇಲೆ ಹಾಕಿದ್ದಿರಬೇಕು ಎಂದು ಮನಸ್ಸು ಹೇಳುತ್ತದೆ. ಆ ಮಾತಿಗೆ ಕಾಗದದ ಮೇಲೆ ಆಧಾರವಿಲ್ಲ. ‘7: ಎ ಅಥವಾ ಬಿ’ ಎಂದು ಬರೆದು ಪ್ರಶ್ನಾರ್ಥಕ ಹಾಕಿ ಬಿಡುವುದೇ ಸರಿಯಾದ ಓದು. ಅಂಕ ಕೊಡಲೇಬೇಕಾದ ಪರೀಕ್ಷೆಯಾದರೆ ಮೌಲ್ಯಮಾಪನದ ಸೂಚನೆಯಲ್ಲಿ ಎರಡು ಉತ್ತರಕ್ಕೆ ಏನು ಹೇಳಿದೆಯೋ ಹಾಗೆ ಮಾಡಿ. ಅಭ್ಯಾಸದ ಹಾಳೆಯಾದರೆ ಸೊನ್ನೆ ಹಾಕಬೇಡಿ, ಮಗುವನ್ನು ಕೇಳಿ.

ಕೇಳುವ ರೀತಿಯಲ್ಲೂ ಒಂದು ಕ್ರಮವಿದೆ. ‘ಇದಕ್ಕಾ ಹಾಕಿದ್ದು, ಅದಕ್ಕಾ?’ ಎಂದು ಬೆರಳಿಟ್ಟು ಕೇಳಿದರೆ ಮಗು ನಿಮ್ಮ ಮುಖ ನೋಡಿ ಉತ್ತರ ಆರಿಸುತ್ತದೆ. ಹಾಳೆಯನ್ನು ಮಗುವಿನ ಕೈಗೆ ಕೊಟ್ಟು, ಸರಿ ತಪ್ಪು ಹಾಕುವ ಮುಂಚೆಯೇ, ‘ಏಳನೇದಕ್ಕೆ ನಿನ್ನ ಉತ್ತರ ಓದಿ ಹೇಳಪ್ಪ’, ‘ಓದಿ ಹೇಳಮ್ಮ’ ಅನ್ನಿ. ಸ್ಪಷ್ಟವಿರುವ ಒಂದೆರಡು ಪ್ರಶ್ನೆಗಳನ್ನೂ ಸೇರಿಸಿ ಓದಿಸಿದರೆ ಯಾವುದರ ಮೇಲೆ ಅನುಮಾನ ಎಂದು ಮಗುವಿಗೆ ಗೊತ್ತಾಗದು. ಪಾವಗಡದ ಹಳ್ಳಿಗಳಲ್ಲಿ ಮನೆಮಾತು ತೆಲುಗಾಗಿರುವ ಮಕ್ಕಳು ಉತ್ತರವನ್ನು ತೆಲುಗಿನಲ್ಲಿ ಹೇಳಿದರೂ ಹೇಳಲಿ, ನಿಮಗೆ ಬೇಕಾದದ್ದು ಆಯ್ಕೆ.

ಮುಂದಿನ ಹಾಳೆ ಹೀಗಾಗದಂತೆ

ಕೈಬರಹದ ಅಂದಕ್ಕಿಂತ ಹಾಳೆಯ ವಿನ್ಯಾಸ ಹೆಚ್ಚು ಕೆಲಸ ಮಾಡುತ್ತದೆ. ಪ್ರಶ್ನೆಯ ಬಲತುದಿಯಲ್ಲಿ ಒಂದು ಖಾಲಿ ಚೌಕ ಬರೆದು ‘ಕ್ರಮಾಕ್ಷರ ಇಲ್ಲಿ’ ಎಂದು ಕೊಟ್ಟರೆ ಮಗು ಆಯ್ಕೆಗಳ ಮೇಲೆ ಏನೇ ಗೀಚಿಕೊಂಡರೂ ಅದು ಕಚ್ಚಾ ಕೆಲಸ, ಉತ್ತರ ಚೌಕದಲ್ಲಿ. ಆಯ್ಕೆಗಳನ್ನು ಎರಡು ಸಾಲಿಗೆ ತುರುಕದೆ ಒಂದರ ಕೆಳಗೊಂದು ಬಿಟ್ಟರೆ ರೈಟಿನ ಬಾಲ ಖಾಲಿ ಜಾಗಕ್ಕೆ ಹೋಗಲು ಅವಕಾಶ ಸಿಗುತ್ತದೆ. ಹಾಳೆ ಉಳಿಸಲು ಎರಡು ಸಾಲೇ ಬೇಕೆಂದರೆ ಸಾಲುಗಳ ನಡುವೆ ಅಕ್ಷರದ ಎತ್ತರದಷ್ಟಾದರೂ ಜಾಗವಿರಲಿ. ಗೈಡು ತಮ್ಮನಿಗೆ ಹೋಗುವುದಿದ್ದರೆ ಉತ್ತರವನ್ನು ಬೇರೆ ನೋಟ್‌ಬುಕ್ಕಿನಲ್ಲಿ ಬರೆಯಲಿ. ಪುಸ್ತಕದಲ್ಲೇ ಬೇಕೆಂದರೆ ಕ್ರಮಾಕ್ಷರಕ್ಕೆ ಮಾತ್ರ ಪೆನ್ಸಿಲ್ಲಿನ ತೆಳು ರೌಂಡು. ಅಳಿಸುವ ಮುಂಚೆ ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ, ದೊಡ್ಡವನ ತಪ್ಪುಗಳ ದಾಖಲೆ ಅದು.

ಓಎಂಆರ್ ಹಾಳೆ ಬಳಸುವ ಪರೀಕ್ಷೆಗೆ ತಯಾರಾಗುವ ಮಕ್ಕಳಿಗೆ ಇನ್ನೊಂದು ಅಭ್ಯಾಸ ಬೇಕು. 2021ರ ಜುಲೈ 19 ಮತ್ತು 22ರಂದು, ಕೋವಿಡ್ ನಡುವೆ, ಎಸ್ಸೆಸ್ಸೆಲ್ಸಿಯೇ ಪೂರ್ತಿ ಬಹುಆಯ್ಕೆಯಾಗಿ ಓಎಂಆರ್‌ನಲ್ಲಿ ನಡೆಯಿತು. ಪ್ರತಿ ವಿಷಯಕ್ಕೆ 40 ಪ್ರಶ್ನೆ, ದಿನಕ್ಕೆ ಮೂರು ವಿಷಯ. ನವೋದಯ ಪ್ರವೇಶ ಪರೀಕ್ಷೆಯಲ್ಲೂ ಉತ್ತರ ತುಂಬುವುದು ಓಎಂಆರ್‌ನಲ್ಲೇ. ಯಂತ್ರ ಅಕ್ಷರವನ್ನಾಗಲಿ ಮಗುವಿನ ರೂಢಿಯನ್ನಾಗಲಿ ಓದುವುದಿಲ್ಲ, ವೃತ್ತದೊಳಗೆ ಎಷ್ಟು ಕಪ್ಪಾಗಿದೆ ಎಂದಷ್ಟೇ ನೋಡುತ್ತದೆ. ವೃತ್ತವನ್ನು ಸುತ್ತುವರಿದ ರೌಂಡು, ಅದರ ಪಕ್ಕದ ರೈಟು ಎರಡೂ ಅದಕ್ಕೆ ಖಾಲಿ ಇದ್ದಂತೆ. ಅಂಥ ಮಕ್ಕಳ ಅಭ್ಯಾಸದ ಹಾಳೆಯನ್ನು ತಿದ್ದುವಾಗ ಪ್ರಶ್ನೆಪತ್ರಿಕೆಯ ಮೇಲಿನ ಗುರುತನ್ನೂ ಓಎಂಆರ್‌ನಲ್ಲಿ ತುಂಬಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪತ್ರಿಕೆಯಲ್ಲಿ ‘ಸಿ’ಗೆ ರೌಂಡಿದ್ದು ಅಲ್ಲಿ ‘ಬಿ’ ತುಂಬಿದ್ದರೆ ತೊಂದರೆ ಗಣಿತದ್ದಲ್ಲ, ಸಾಲು ಹಿಡಿಯುವುದರದ್ದು. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದಾಗ ಸಾಲು ತಪ್ಪಿ, ಅಲ್ಲಿಂದಾಚೆಗೆ ಎಲ್ಲ ಉತ್ತರವೂ ಒಂದೊಂದು ಮನೆ ಸರಿದಿರುತ್ತವೆ.

ಮೇಲಿನ ಎಂಟು ಪ್ರಶ್ನೆಗಳ ಪುಟದ ಲೆಕ್ಕ ಹೀಗೆ: ಐದು ಖಚಿತ ಸರಿ, ಎರಡು ಖಚಿತ ತಪ್ಪು, ಒಂದು ಕೇಳಿ ತಿಳಿಯಬೇಕಾದ್ದು. ಅವಸರದಲ್ಲಿ ತಿದ್ದಿದ್ದರೆ ಅದೇ ಪುಟಕ್ಕೆ ಎಂಟಕ್ಕೆ ಎಂಟು ಬೀಳುತ್ತಿತ್ತು. ಚಿಹ್ನೆ ಮತ್ತು ವರ್ಗಮೂಲ ಇನ್ನೊಮ್ಮೆ ಹೇಳಿಕೊಡಬೇಕಾದ ಮಗು ಎಲ್ಲ ಬಂದವರ ಸಾಲಿನಲ್ಲಿ ಕೂರುತ್ತಿತ್ತು.